ಮೂವರಲ್ಲಿ ಸುಳ್ಳರು ಯಾರು?

"ಯಾರು ನಿಜ ಹೇಳ್ತಾರೆ, ಯಾರು ಸುಳ್ಳು ಹೇಳ್ತಾರೆ ಅಂತ ಕಂಡುಹಿಡಿಯೋ ಲೆಕ್ಕಗಳಲ್ಲಿ ಅರ್ಧಕ್ಕೇ ಗೊಂದಲ ಆಗುತ್ತೆ. ಎಲ್ಲಿಂದ ಶುರು ಮಾಡಬೇಕು?"

ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಮೂವರಿದ್ದಾರೆ. ಒಬ್ಬೊಬ್ಬರೂ ಒಂದೋ ಯಾವಾಗಲೂ ನಿಜ ಹೇಳುವವರು, ಇಲ್ಲ ಯಾವಾಗಲೂ ಸುಳ್ಳು ಹೇಳುವವರು.

ಗೌರಿ: "ಮಂಜ ಸುಳ್ಳ."
ಮಂಜ: "ಗೌರಿ, ಸೀನ ಇಬ್ಬರೂ ಒಂದೇ ಥರ."
ಸೀನ: "ಗೌರಿ ನಿಜ ಹೇಳುವವಳು."

ಹಾಳೆಯಲ್ಲಿ ಮೂರು ಹೆಸರು ಬರೆದು, ಪಕ್ಕದಲ್ಲಿ 'ನಿ' ಅಥವಾ 'ಸು' ಹಾಕುತ್ತಾ ಹೋಗಿ. ತಲೆಯಲ್ಲೇ ಮಾಡಲು ಹೋದರೆ ಯಾವುದು ಗೊತ್ತಾದದ್ದು, ಯಾವುದು ಬರೀ ಅಂದುಕೊಂಡದ್ದು ಅನ್ನುವುದೇ ಮರೆತುಹೋಗುತ್ತದೆ.

ಮೊದಲು ಗೌರಿಗೆ 'ನಿ' ಹಾಕೋಣ. ಹಾಗಾದರೆ ಮಂಜ ಸುಳ್ಳ. ಅವನ ಮಾತು ಸುಳ್ಳಾದ್ದರಿಂದ ಗೌರಿ, ಸೀನ ಬೇರೆ ಬೇರೆ ಥರ, ಅಂದರೆ ಸೀನ ಸುಳ್ಳ. ಆದರೆ ಸೀನ ಹೇಳಿದ್ದೇನು? "ಗೌರಿ ನಿಜ ಹೇಳುವವಳು." ನಾವು ಅಂದುಕೊಂಡ ಪ್ರಕಾರ ಅದು ನಿಜವಾದ ಮಾತು. ಸುಳ್ಳನ ಬಾಯಲ್ಲಿ ನಿಜ ಬಂತು! ಈ ದಾರಿ ಮುಚ್ಚಿತು, ಎಲ್ಲ ಅಳಿಸಿ.

ಈಗ ಗೌರಿಗೆ 'ಸು'. ಅವಳ ಮಾತು ಸುಳ್ಳು, ಹಾಗಾಗಿ ಮಂಜ ನಿಜ ಹೇಳುವವನು. ಅವನ ಪ್ರಕಾರ ಸೀನನೂ ಗೌರಿಯ ಥರವೇ, ಸುಳ್ಳ. ಗೌರಿಯ ಬಗ್ಗೆ ಸೀನ ಹೇಳಿದ್ದೂ ಸುಳ್ಳೇ. ಎಲ್ಲಿಯೂ ಜಗಳವಿಲ್ಲ. ಗೌರಿ, ಸೀನ ಸುಳ್ಳರು, ಮಂಜ ಒಬ್ಬನೇ ನಿಜ.

ಮೊದಲನೇ ದಾರಿಯೇ ಸರಿಹೋಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ನಾನು ಎಷ್ಟೋ ಸಲ ಎಡವಿದ್ದು ಇಲ್ಲೇ. ಮಂಜನ ಮಾತನ್ನು ಮಾತ್ರ "ಗೌರಿ, ಸೀನ ಇಬ್ಬರೂ ಸುಳ್ಳರು" ಅಂತ ಬದಲಾಯಿಸಿ ನೋಡಿ. ಈಗಿನ ಉತ್ತರ ಹಾಗೇ ಹೊಂದುತ್ತದೆ. ಜೊತೆಗೆ ಗೌರಿ, ಸೀನ ನಿಜ, ಮಂಜ ಸುಳ್ಳ ಅನ್ನುವುದೂ ಹೊಂದುತ್ತದೆ! ಎರಡು ಉತ್ತರ ಬಂದರೆ 'ಹೇಳಲು ಆಗುವುದಿಲ್ಲ' ಅನ್ನುವುದೇ ಸರಿಯಾದ ಉತ್ತರ.

ಇನ್ನೊಂದು ಗುಂಡಿ ಅದೇ ವಾಕ್ಯದಲ್ಲಿದೆ. "ಇಬ್ಬರೂ ಸುಳ್ಳರು" ಅನ್ನುವುದು ಸುಳ್ಳಾದರೆ ಇಬ್ಬರೂ ನಿಜ ಹೇಳುವವರು ಅಂತ ಅಲ್ಲ. ಒಬ್ಬರಾದರೂ ನಿಜ ಹೇಳುವವರು, ಅಷ್ಟೇ. ಇನ್ನೊಬ್ಬರು ಯಾವ ಥರ ಅಂತ ಬೇರೆ ಮಾತಿನಿಂದಲೇ ತಿಳಿಯಬೇಕು. ನಮ್ಮ ಲೆಕ್ಕದಲ್ಲಿ ಅದು ಸೀನನ ಮಾತಿನಿಂದ ತಿಳಿಯಿತು.

ಸ್ವಲ್ಪ ರೂಢಿಯಾದ ಮೇಲೆ ಊಹೆಯೇ ಬೇಕಾಗದ ಲೆಕ್ಕಗಳೂ ಕಾಣುತ್ತವೆ. ಒಬ್ಬರು ಇನ್ನೊಬ್ಬರನ್ನು "ಸುಳ್ಳ" ಅಂದರೆ ಇಬ್ಬರೂ ಬೇರೆ ಥರ, "ನಿಜ ಹೇಳುವವರು" ಅಂದರೆ ಇಬ್ಬರೂ ಒಂದೇ ಥರ. ಹೇಳಿದವರು ಸುಳ್ಳರಾದರೂ ಇದು ಬದಲಾಗುವುದಿಲ್ಲ, ಬೇಕಾದರೆ ಹಾಳೆಯಲ್ಲಿ ಹಾಕಿ ನೋಡಿ. ಮೇಲಿನ ಮೊದಲ ಲೆಕ್ಕದಲ್ಲಿ ಸೀನನ ಮಾತು ಕೇಳಿದ ಕೂಡಲೇ ಗೌರಿ, ಸೀನ ಒಂದೇ ಥರ ಅಂತ ಗೊತ್ತಾಯಿತು. ಮಂಜ ಹೇಳಿದ್ದೂ ಅದನ್ನೇ ಅಲ್ವಾ? ಆದರೆ ಒಮ್ಮೆ ನಿಜ, ಒಮ್ಮೆ ಸುಳ್ಳು ಹೇಳುವ ಮೂರನೇ ಥರದವರು ಲೆಕ್ಕದಲ್ಲಿದ್ದರೆ ಈ ಅಡ್ಡದಾರಿ ಕೈಕೊಡುತ್ತದೆ. ಆಗ ಮತ್ತೆ ಪೆನ್ಸಿಲ್ಲು, ರಬ್ಬರೇ ಗತಿ.