ಮೂರು ಡೋಸ್ ಆಗಿದೆ ಅಂತ ಸುಮ್ನಿರಬೇಡಿ, ಟೈಟರ್ ನೋಡಿ

ಪ್ರಶ್ನೆ: ನಾನು ಸ್ಟಾಫ್ ನರ್ಸ್. ನಿನ್ನೆ ನೈಟ್ ಡ್ಯೂಟಿಯಲ್ಲಿ ಪೇಷೆಂಟ್‌ಗೆ ಹಾಕಿದ ಸೂಜಿ ನನ್ನ ಬೆರಳಿಗೆ ಚುಚ್ಚಿತು. ಪೇಷೆಂಟ್ ಎಚ್‌ಐವಿ ನೆಗೆಟಿವ್. ಹೆಪಟೈಟಿಸ್ ಬಿ ಲಸಿಕೆ ಕಾಲೇಜಿನಲ್ಲೇ ಮೂರು ಡೋಸ್ ಆಗಿದೆ. ಇನ್ನು ಭಯ ಇಲ್ಲ ಅಲ್ವಾ? ಇನ್‌ಚಾರ್ಜ್‌ಗೆ ಹೇಳಿದರೆ ಬೈತಾರೆ.

ಸಿಸ್ಟರ್, ನಾನೂ ಥೇಟ್ ಹೀಗೇ ಅಂದುಕೊಂಡಿದ್ದೆ.

ನನ್ನದು ಮೆಡಿಕಲ್ ವಾರ್ಡ್. ಐವಿ ಲೈನ್ ಹಾಕಿ, ಕ್ಯಾನುಲಾದ ಸೂಜಿಯನ್ನು ಕಿಡ್ನಿ ಟ್ರೇಯಲ್ಲೇ ಇಟ್ಟೆ. ಸೂಜಿ ಹಾಕುವ ಬಿಳಿ ಡಬ್ಬ ವಾರ್ಡಿನ ಇನ್ನೊಂದು ತುದಿಯಲ್ಲಿತ್ತು. ಟ್ರೇಯಿಂದ ರಕ್ತದ ಹತ್ತಿ ಎತ್ತುವಾಗ ಅದರಡಿ ಇದ್ದ ಸೂಜಿ ಉಂಗುರದ ಬೆರಳಿಗೆ ಹೋಯಿತು. ಗ್ಲೌಸ್ ಒಳಗೇ ಕೆಂಪು ಹರಡಿದ್ದು ಕಾಣಿಸಿತು. ಗಾಬರಿಯಲ್ಲಿ ಬೆರಳು ಹಿಂಡೋಕೆ ಶುರು ಮಾಡಿದೆ. ಸೀನಿಯರ್ ಸಿಸ್ಟರ್ ಓಡಿ ಬಂದು, "ಹಿಂಡಬೇಡಮ್ಮಾ, ಸ್ಪಿರಿಟ್ಟೂ ಬೇಡ. ಸೋಪು ಹಾಕಿ ನಲ್ಲಿ ಕೆಳಗೆ ಹಿಡಿ" ಅಂದರು. ಅವರು ಹೇಳಿದ್ದೇ ಸರಿ. ಹಿಂಡಿದರೆ, ಡೆಟಾಲ್ ಸುರಿದರೆ ಆ ಜಾಗದ ಚರ್ಮಕ್ಕೇ ಪೆಟ್ಟು, ಲಾಭ ಏನೂ ಇಲ್ಲ.

ಪೇಷೆಂಟ್‌ನ ಎಚ್‌ಐವಿ ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂತು. ಉಸಿರು ಬಿಟ್ಟೆ. ಆಗ ಕ್ಯಾಶುಯಲ್ಟಿ ಡಾಕ್ಟರ್ ಕೇಳಿದರು, "ನಿಮ್ಮ ಟೈಟರ್ ಎಷ್ಟು?" ಮೂರು ಡೋಸ್ ಆಗಿದೆ ಸಾರ್ ಅಂದೆ. "ಡೋಸ್ ಕೇಳಲಿಲ್ಲ, ಟೈಟರ್ ಕೇಳಿದೆ."

ನಾನು ಎಡವಿದ್ದು ಇಲ್ಲೇ. ಲಸಿಕೆ ತಗೊಂಡವರೆಲ್ಲರ ಮೈಯಲ್ಲೂ ರಕ್ಷಣೆ ಹುಟ್ಟುವುದಿಲ್ಲ, ಕೆಲವರಿಗೆ ಹತ್ತುವುದೇ ಇಲ್ಲ. ಹತ್ತಿದೆಯೋ ಇಲ್ಲವೋ ಅಂತ ಹೇಳುವುದು ಆಂಟಿ-ಎಚ್‌ಬಿಎಸ್ ಟೈಟರ್ ಅನ್ನೋ ರಕ್ತಪರೀಕ್ಷೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಲ್ಲಿ ಮಾಡಿಸಬೇಕು. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ ಅಂತ. ಆಗ ಬಂದಿದ್ದರೆ ಸಾಕು. ವರ್ಷಗಳಾದ ಮೇಲೆ ಟೈಟರ್ 10ಕ್ಕಿಂತ ಇಳಿದರೂ, ವೈರಸ್ ಒಳಗೆ ಬಂದಾಗ ದೇಹ ನೆನಪಿಟ್ಟುಕೊಂಡು ಎದುರಿಸುತ್ತೆ. ಆದರೆ ಆಗ ಮಾಡಿಸದೆ ಈಗ ಮಾಡಿಸಿ ಕಮ್ಮಿ ಬಂದರೆ, ಬಂದು ಇಳಿದಿದ್ದಾ, ಮೊದಲಿನಿಂದಲೇ ಬರಲಿಲ್ವಾ ಅಂತ ಹೇಳೋಕೆ ಆಗಲ್ಲ. ಆಗ ರಕ್ಷಣೆ ಇಲ್ಲ ಅಂತಲೇ ಹಿಡಿದು ಚಿಕಿತ್ಸೆ ಕೊಡ್ತಾರೆ. ಆ ಒಂದು ಚೀಟಿ ನನ್ನ ಫೈಲಿನಲ್ಲಿ ಇದ್ದಿದ್ದರೆ ಮುಂದಿನ ರಾಮಾಯಣ ಇರುತ್ತಿರಲಿಲ್ಲ.

ಯಾಕಂದ್ರೆ ಪೇಷೆಂಟ್‌ನ ಹೆಪಟೈಟಿಸ್ ಬಿ ಪಾಸಿಟಿವ್ ಬಂತು. ನನ್ನ ಟೈಟರ್ 10ಕ್ಕಿಂತ ಕೆಳಗೆ.

ಎಚ್‌ಐವಿ ಇರೋ ರಕ್ತದ ಸೂಜಿ ಚುಚ್ಚಿದರೆ ಸೋಂಕು ಹತ್ತುವುದು ಸಾವಿರಕ್ಕೆ ಸುಮಾರು ಮೂವರಿಗೆ. ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ಹತ್ತುವುದು ನೂರಕ್ಕೆ 6ರಿಂದ 30 ಮಂದಿಗೆ. ನಾವು ಮಾತ್ರ ಹೆದರುವುದು ಎಚ್‌ಐವಿಗೊಂದಕ್ಕೇ.

ನನಗೆ ಬೇಕಾಗಿದ್ದು ಎಚ್‌ಬಿಐಜಿ ಇಂಜೆಕ್ಷನ್, ಅಂದರೆ ತಯಾರಾದ ಆಂಟಿಬಾಡಿ. 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ಏಳು ದಿನ ದಾಟಿದರೆ ಉಪಯೋಗ ಆಗುತ್ತೆ ಅನ್ನೋ ಭರವಸೆ ಇಲ್ಲ. ನಮ್ಮ ಫಾರ್ಮಸಿಯಲ್ಲಿ ಇರಲಿಲ್ಲ. ಬೆಲೆಯೂ ಜಾಸ್ತಿ. ನಮ್ಮಣ್ಣ ಊರೆಲ್ಲ ಅಲೆದು ಐಸ್ ಡಬ್ಬದಲ್ಲಿ ತಂದ. ಒಂದು ಕಡೆ ಅದು, ಇನ್ನೊಂದು ತೋಳಿಗೆ ಲಸಿಕೆಯ ಮೊದಲ ಡೋಸ್. ಮತ್ತೆ ಮೂರೂ ಡೋಸ್ ಮುಗಿಸಿದೆ. ಈ ಇಂಜೆಕ್ಷನ್ ಆದ ಮೇಲೆ ಕೆಲವು ತಿಂಗಳು ಟೈಟರ್ ಮಾಡಿಸಿದರೆ ಸುಳ್ಳು ಲೆಕ್ಕ ಬರುತ್ತೆ, ಕಾಣಿಸುವುದು ಹೊರಗಿನಿಂದ ಕೊಟ್ಟ ಆಂಟಿಬಾಡಿ. ಕಾದು ಮಾಡಿಸಿದೆ, ಈ ಸಲ ಬಂದಿತ್ತು. ಆರು ತಿಂಗಳಿಗೆ ಸೋಂಕಿನ ಟೆಸ್ಟೂ ನೆಗೆಟಿವ್.

ಹಾಗಾಗಿ "ಎಚ್‌ಐವಿ ನೆಗೆಟಿವ್, ಭಯ ಇಲ್ಲ ಅಲ್ವಾ" ಅನ್ನೋ ಲೆಕ್ಕಾನೇ ತಪ್ಪು. ಪೇಷೆಂಟ್‌ನ ಹೆಪಟೈಟಿಸ್ ಬಿ, ಸಿ ರಿಪೋರ್ಟ್ ಇವತ್ತೇ ಕೇಳಿ. ನಿಮ್ಮ ಟೈಟರ್‌ಗೂ ಇವತ್ತೇ ರಕ್ತ ಕೊಡಿ. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ತಡೆಯೋ ಇಂಜೆಕ್ಷನ್ನೂ ಇಲ್ಲ. ಪೇಷೆಂಟ್‌ಗೆ ಅದಿದ್ದರೆ ಮೂರರಿಂದ ಆರು ವಾರದಲ್ಲಿ ಆರ್‌ಎನ್‌ಎ ಟೆಸ್ಟ್ ಮಾಡಿಸಿ. ಬಂದರೂ ಈಗ ಮಾತ್ರೆಯಲ್ಲಿ ವಾಸಿಯಾಗುತ್ತೆ. ಪೇಷೆಂಟ್‌ನ ಆ ಎಚ್‌ಐವಿ ನೆಗೆಟಿವ್ ರಿಪೋರ್ಟ್ ಹಳೆಯದಾ, ನಿನ್ನೆಯದಾ ಅಂತಲೂ ನೋಡಿ. ಹಳೆಯದಾದರೆ ಡಾಕ್ಟರ್ ಪಿಇಪಿ, ಅಂದರೆ ಎಚ್‌ಐವಿ ಹತ್ತದಂತೆ ತಡೆಯೋ ಮಾತ್ರೆ, ಶುರು ಮಾಡಬಹುದು. ಅದು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಆಮೇಲೆ 28 ದಿನ.

ಇನ್‌ಚಾರ್ಜ್ ಬೈದರೆ ಬೈಸ್ಕೊಳ್ಳಿ. ಇನ್ಸಿಡೆಂಟ್ ರಿಪೋರ್ಟ್ ಬರೆದು, ನಿಮ್ಮ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರೂ ಬೇಸ್‌ಲೈನ್ ಟೆಸ್ಟ್ ಈಗಲೇ ಮಾಡಿಸಿ, ಕಾಪಿ ಮನೆಯಲ್ಲಿ ಇಟ್ಟುಕೊಳ್ಳಿ. ನಾಳೆ ಏನಾದರೂ ಪಾಸಿಟಿವ್ ಬಂದರೆ, ಇದು ಡ್ಯೂಟಿಯಲ್ಲೇ ಆಗಿದ್ದು ಅಂತ ತೋರಿಸೋಕೆ ನಿಮ್ಮ ಹತ್ತಿರ ಇರೋದು ಅದೊಂದೇ ಕಾಗದ.