ಧಾರಣೆ ಪಟ್ಟಿಯನ್ನು ಸಂದೇಶವಾಗಿ ಬರೆಯುವುದು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ದಿನದ ಧಾರಣೆಯ ಪಿಡಿಎಫ್‌ನಿಂದ ನಾಲ್ಕು ಸಾಲಿನ ಪಟ್ಟಿಯನ್ನು ನಕಲು ಮಾಡಿ ನಮ್ಮ ರೈತರ ಗುಂಪಿಗೆ ಮೊಬೈಲಿನಲ್ಲಿ ಕಳಿಸುತ್ತೇನೆ. ಅಂಕಿಗಳೆಲ್ಲ ಕಲಸಿಹೋಗುತ್ತವೆ. ಮೊನ್ನೆ ಶೇಂಗಾ ಬೆಲೆ ತಪ್ಪಾಗಿ ಹೋಗಿ ಬೈಸಿಕೊಂಡೆ. ವಾಕ್ಯದಲ್ಲಿ ಬರೆಯುವುದು ಹೇಗೆ? — ಸಿಂಧನೂರು ತಾಲ್ಲೂಕಿನ ಓದುಗರು

ಬೈದವರ ತಪ್ಪಿಲ್ಲ. ಇದೇ ಪ್ರಶ್ನೆ ಸುಗ್ಗಿ ಬಂದಾಗಲೆಲ್ಲ ಬರುತ್ತದೆ, ಹೀಗಾಗಿ ಈ ಸಲ ಜಾಗವನ್ನೆಲ್ಲ ಇದಕ್ಕೇ ಕೊಡುತ್ತಿದ್ದೇನೆ. ನೀವು ಕಳಿಸಿದ ನಕಲು ಕೆಳಗಿದೆ. ಅಂಕಿಗಳನ್ನು ನಾನು ಬದಲಿಸಿದ್ದೇನೆ. ಯಾರೂ ಇದನ್ನು ನಿಜವಾದ ಧಾರಣೆ ಎಂದುಕೊಂಡು ಗಾಡಿ ಕಟ್ಟಬೇಡಿ.

```
ಉತ್ಪನ್ನ ಆವಕ ಕನಿಷ್ಠ ಗರಿಷ್ಠ ಮಾದರಿ
ಹತ್ತಿ 1840 5200 7650 7210
ತೊಗರಿ 312 6100 7480 7050
ಶೇಂಗಾ 96 6380 5940
ಭತ್ತ 2705 1980 2460 2310
ಒಟ್ಟು 4953
```

ವಾಕ್ಯದ ಮಾತು ಆಮೇಲೆ. ಮೊದಲು ಪ್ರತಿ ಸಾಲಿನಲ್ಲಿ ಎಷ್ಟು ಅಂಕಿಗಳಿವೆ ಎಂದು ಎಣಿಸಿ. ತಲೆಸಾಲಿನ ಪ್ರಕಾರ ನಾಲ್ಕು ಇರಬೇಕು. ಶೇಂಗಾಕ್ಕೆ ಇರುವುದು ಮೂರೇ. ಪಿಡಿಎಫ್‌ನಲ್ಲಿ ಶೇಂಗಾದ ಕನಿಷ್ಠ ಬೆಲೆಯ ಚೌಕ ಖಾಲಿ ಇತ್ತು. ನಕಲು ಮಾಡುವಾಗ ಗೆರೆಗಳ ಜೊತೆ ಖಾಲಿ ಚೌಕವೂ ಮಾಯವಾಗುತ್ತದೆ, ಅದರ ಬಲಕ್ಕಿದ್ದ ಅಂಕಿಗಳು ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ. ಗರಿಷ್ಠವಾಗಿದ್ದ 6380 ಕನಿಷ್ಠದ ಜಾಗದಲ್ಲಿ ಕೂತಿತು, ಮಾದರಿ ಬೆಲೆಯಾಗಿದ್ದ 5940 ಗರಿಷ್ಠವಾಯಿತು. ನೀವು ಅದನ್ನು ಹಾಗೆಯೇ ಓದಿ ‘ಶೇಂಗಾ ಕನಿಷ್ಠ 6380’ ಎಂದು ಕಳಿಸಿದಿರಿ. ಕನಿಷ್ಠ ಬೆಲೆಯೇ ಗರಿಷ್ಠಕ್ಕಿಂತ ಹೆಚ್ಚಾಗಿರುವುದು ಕಣ್ಣಿಗೆ ಬೀಳಬೇಕಿತ್ತು.

ಎಣಿಸಿದ ಮೇಲೆ ಎರಡು ತಾಳೆ ನೋಡಬೇಕು. ಒಂದು, ಪ್ರತಿ ಸಾಲಿನಲ್ಲೂ ಮಾದರಿ ಬೆಲೆಯು ಕನಿಷ್ಠ ಮತ್ತು ಗರಿಷ್ಠದ ನಡುವೆ ಬಿದ್ದಿದೆಯೇ ಎಂಬುದು. ಇನ್ನೊಂದು, ಆವಕವನ್ನು ಕೂಡಿದರೆ ಕೊನೆಯ ಸಾಲಿನ ಒಟ್ಟು ಬರುತ್ತದೆಯೇ ಎಂಬುದು. ಇಲ್ಲಿ 1840, 312, 96, 2705 ಕೂಡಿದರೆ 4953 ಸರಿಯಾಗಿ ಬರುತ್ತದೆ. ಅಷ್ಟಕ್ಕೇ ನಿಶ್ಚಿಂತರಾಗುವವರು ಬಹಳ ಮಂದಿ. ಆದರೆ ಶೇಂಗಾದ ಖಾಲಿ ಚೌಕ ಆವಕದ ಬಲಕ್ಕಿತ್ತು, ಆವಕದ ಅಂಕಿ ಅಲುಗಲೇ ಇಲ್ಲ; ಆದ್ದರಿಂದ ಮೊತ್ತಕ್ಕೆ ಈ ತಪ್ಪು ಸಿಗುವುದಿಲ್ಲ. ಭತ್ತದ 2705 ಎಲ್ಲೋ 270 ಆಗಿಬಿಟ್ಟರೆ ಅದನ್ನು ಮೊತ್ತವೇ ಹಿಡಿಯುತ್ತದೆ, ಬೆಲೆಗಳ ತಾಳೆ ಹಿಡಿಯುವುದಿಲ್ಲ. ಎರಡೂ ಬೇಕು.

ಎರಡಕ್ಕೂ ಸಿಗದ ತಪ್ಪೊಂದಿದೆ. ಖಾಲಿ ಇದ್ದದ್ದು ಗರಿಷ್ಠದ ಚೌಕವಾಗಿದ್ದರೆ ನಕಲಿನಲ್ಲಿ ‘96 5100 5940’ ಎಂದು ಬರುತ್ತಿತ್ತು. ಕನಿಷ್ಠ 5100, ಗರಿಷ್ಠ 5940, ಮಾದರಿ ಕೊಟ್ಟಿಲ್ಲ ಎಂದು ಓದಿದರೆ ಯಾವ ಅನುಮಾನವೂ ಹುಟ್ಟುವುದಿಲ್ಲ, ಆದರೂ ಅದು ಸುಳ್ಳು. ಅಂಕಿಗಳ ಸಂಖ್ಯೆ ಕಡಿಮೆ ಬಂದ ಸಾಲನ್ನು ಊಹೆಯಿಂದ ತುಂಬಬೇಡಿ ಎನ್ನುವುದು ಇದಕ್ಕೇ. ಪಿಡಿಎಫ್ ತೆರೆದು ಆ ಸಾಲನ್ನು ಕಣ್ಣಿನಿಂದ ನೋಡಿ ಬನ್ನಿ, ಅರ್ಧ ನಿಮಿಷದ ಕೆಲಸ. ಖಾಲಿ ಚೌಕಕ್ಕೆ ಸೊನ್ನೆ ಹಾಕುವವರನ್ನೂ ಕಂಡಿದ್ದೇನೆ. ಬೆಲೆ ಸೊನ್ನೆ ಎಂದರೆ ಮಾಲನ್ನು ಪುಕ್ಕಟೆ ಕೊಟ್ಟರು ಎಂದಾಗುತ್ತದೆ. ‘ಕೊಟ್ಟಿಲ್ಲ’ ಎಂದು ಬರೆಯಲು ಅಡ್ಡಿಯೇನು?

ಈಗ ವಾಕ್ಯಕ್ಕೆ ಬರೋಣ. ಅಡ್ಡ ಸಾಲಿನಲ್ಲಿ ಬರೆಯಬೇಕು, ಉದ್ದ ಕಾಲಮಿನಲ್ಲಿ ಅಲ್ಲ. ‘ಹತ್ತಿ, ತೊಗರಿ, ಶೇಂಗಾ ಮತ್ತು ಭತ್ತದ ಮಾದರಿ ಬೆಲೆ ಕ್ರಮವಾಗಿ 7210, 7050, 5940 ಮತ್ತು 2310’ ಎಂದು ಬರೆಯುವ ಚಟ ಪತ್ರಿಕಾ ಪ್ರಕಟಣೆಗಳಿಂದ ಬಂದದ್ದು, ನನಗೆ ಇದರಷ್ಟು ಸಿಟ್ಟು ತರಿಸುವುದು ಬೇರೆ ಇಲ್ಲ. ಶೇಂಗಾ ಬೆಳೆದವನು ಹೆಸರುಗಳಲ್ಲಿ ತನ್ನದು ಮೂರನೆಯದು ಎಂದು ನೆನಪಿಟ್ಟುಕೊಂಡು, ಅಂಕಿಗಳಲ್ಲಿ ಮೂರನೆಯದನ್ನು ಬೆರಳಿಟ್ಟು ಹುಡುಕಬೇಕು. ಯಾರಾದರೂ ಗಟ್ಟಿಯಾಗಿ ಓದಿ ಹೇಳುವುದನ್ನು ಕೇಳಿಸಿಕೊಳ್ಳುವವನಿಗೆ ಅದೂ ಆಗದು. ಒಂದು ಬೆಳೆಗೆ ಒಂದು ವಾಕ್ಯ, ಬೆಳೆಯ ಹೆಸರು ಮೊದಲು, ಪ್ರತಿ ಅಂಕಿಯ ಪಕ್ಕದಲ್ಲೇ ಅದು ಏನೆಂಬ ಮಾತು. ಎಲ್ಲ ವಾಕ್ಯಗಳಲ್ಲೂ ಅಂಕಿಗಳ ಸರದಿ ಒಂದೇ ಇರಲಿ. ಓದಲು ಬೇಸರವಾಗುತ್ತದೆಂದು ಅದಲುಬದಲು ಮಾಡಬೇಡಿ. ಧಾರಣೆಯನ್ನು ಯಾರೂ ರುಚಿಗಾಗಿ ಓದುವುದಿಲ್ಲ.

ಆ ಸರದಿಯಲ್ಲಿ ಮಾದರಿ ಬೆಲೆಯೇ ಮುಂದೆ ಬರಲಿ. ಪಟ್ಟಿಯಲ್ಲಿ ಅದು ಕೊನೆಯ ಕಾಲಂ, ಹೀಗಾಗಿ ಎಲ್ಲರೂ ಕೊನೆಗೇ ಬರೆಯುತ್ತಾರೆ. ‘ಹತ್ತಿ 5200ರಿಂದ 7650’ ಎಂದು ಓದಿದ ರೈತನ ತಲೆಯಲ್ಲಿ ಉಳಿಯುವುದು 7650 ಒಂದೇ. ಆ ಬೆಲೆ ಒಂದೆರಡು ಒಳ್ಳೆಯ ರಾಶಿಗೆ ಸಿಕ್ಕಿರಬಹುದು, 5200 ನೆನೆದ ಹತ್ತಿಗೆ ಬಿದ್ದಿರಬಹುದು. ಹೆಚ್ಚಿನ ಮಾಲು ಹೋದದ್ದು 7210ರ ಆಸುಪಾಸಿನಲ್ಲಿ. ಮಾದರಿ ಬೆಲೆ ಎಂದರೆ ಅದೇ. ಅದನ್ನು ‘ಸರಾಸರಿ’ ಎಂದು ಬರೆಯಬೇಡಿ. 5200 ಮತ್ತು 7650ರ ನಡುಬಿಂದು 6425, ಮಾದರಿ ಬೆಲೆಗೂ ಅದಕ್ಕೂ 785 ರೂಪಾಯಿ ಅಂತರವಿದೆ.

ಅಳತೆಯನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಪಟ್ಟಿಯಲ್ಲಿ ‘ರೂ./ಕ್ವಿಂ.’ ಎಂಬುದು ಮೇಲಿನ ಮೂಲೆಯಲ್ಲಿರುತ್ತದೆ, ನಕಲಿಗೆ ಬರುವುದೇ ಇಲ್ಲ. ‘ಇಂದು’, ‘ನಿನ್ನೆ’ ಎನ್ನುವ ಬದಲು ದಿನಾಂಕ ಹಾಕಿ, ಏಕೆಂದರೆ ನಿಮ್ಮ ಸಂದೇಶ ಮೂರು ದಿನವಾದ ಮೇಲೂ ಇನ್ನೊಂದು ಗುಂಪಿನಲ್ಲಿ ಸುತ್ತುತ್ತಿರುತ್ತದೆ. ಕಳಿಸಬೇಕಾದದ್ದು ಹೀಗೆ:

ಡಿಸೆಂಬರ್ 1, ಸೋಮವಾರದ ಧಾರಣೆ. ಬೆಲೆಗಳೆಲ್ಲ ಕ್ವಿಂಟಲಿಗೆ, ರೂಪಾಯಿಯಲ್ಲಿ.

ಹತ್ತಿ: ಹೆಚ್ಚಿನ ಮಾಲು 7210ರ ಆಸುಪಾಸು ಹೋಗಿದೆ. ಕನಿಷ್ಠ 5200, ಗರಿಷ್ಠ 7650. ಆವಕ 1840 ಕ್ವಿಂಟಲ್.

ತೊಗರಿ: ಹೆಚ್ಚಿನ ಮಾಲು 7050ರ ಆಸುಪಾಸು ಹೋಗಿದೆ. ಕನಿಷ್ಠ 6100, ಗರಿಷ್ಠ 7480. ಆವಕ 312 ಕ್ವಿಂಟಲ್.

ಶೇಂಗಾ: ಹೆಚ್ಚಿನ ಮಾಲು 5940ರ ಆಸುಪಾಸು ಹೋಗಿದೆ. ಕನಿಷ್ಠ ಬೆಲೆ ಪಟ್ಟಿಯಲ್ಲಿ ಕೊಟ್ಟಿಲ್ಲ, ಗರಿಷ್ಠ 6380. ಆವಕ 96 ಕ್ವಿಂಟಲ್ ಮಾತ್ರ.

ಭತ್ತ: ಹೆಚ್ಚಿನ ಮಾಲು 2310ರ ಆಸುಪಾಸು ಹೋಗಿದೆ. ಕನಿಷ್ಠ 1980, ಗರಿಷ್ಠ 2460. ಆವಕ 2705 ಕ್ವಿಂಟಲ್.

ಶೇಂಗಾದ ಮುಂದೆ ‘ಮಾತ್ರ’ ಸೇರಿಸಿದ್ದು ನನ್ನ ಎಚ್ಚರಿಕೆ. ಆವಕ ಅಷ್ಟು ಕಡಿಮೆ ಇದ್ದ ದಿನದ ಬೆಲೆಯನ್ನು ನೆಚ್ಚಿಕೊಂಡು ಮರುದಿನ ಟ್ರ್ಯಾಕ್ಟರ್ ಹೊರಡಿಸುವುದು ನನ್ನ ಪ್ರಕಾರ ಜೂಜು. ಒಟ್ಟು ಆವಕವನ್ನು ಬೇಕೆಂದೇ ಬಿಟ್ಟಿದ್ದೇನೆ. ತಾಳೆ ನೋಡಲು ಅದು ಬೇಕಿತ್ತು, ರೈತನಿಗೆ ಬೇಕಿಲ್ಲ. ‘ಏರಿದೆ’, ‘ಕುಸಿದಿದೆ’ ಎಂಬ ಮಾತುಗಳು ಎಲ್ಲೂ ಇಲ್ಲ ಎಂಬುದನ್ನೂ ಗಮನಿಸಿ. ಈ ಪಟ್ಟಿಯಲ್ಲಿ ಒಂದೇ ದಿನದ ಅಂಕಿಗಳಿವೆ. ಹಿಂದಿನ ದಿನದ ಪಟ್ಟಿ ಕೈಯಲ್ಲಿಲ್ಲದೆ ಏರಿಕೆ ಇಳಿಕೆಯ ಮಾತಾಡುವವರು ದಲ್ಲಾಳಿಯ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದಾರೆ.

ಸಾದಾ ಎಸ್‌ಎಂಎಸ್‌ನಲ್ಲಿ ಕಳಿಸುವುದಾದರೆ ಇಷ್ಟುದ್ದ ನಡೆಯದು. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರಗಳ ಮಿತಿ, ಕನ್ನಡಕ್ಕೆ 70. ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡಿಗೂ ಲೆಕ್ಕ ಬೀಳುತ್ತದೆ. ಅದರ ಮೇಲೆ ಒತ್ತು, ಗುಣಿತ, ಸೊನ್ನೆ ಎಲ್ಲವನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ: ‘ಕ್ವಿಂಟಲಿಗೆ’ ಎಂಬುದು ಕಣ್ಣಿಗೆ ನಾಲ್ಕಕ್ಷರ, ಎಣಿಕೆಯಲ್ಲಿ ಹತ್ತು. ಹಾಗಾಗಿ ಆವಕವನ್ನು ಬಿಟ್ಟು, ಒಂದು ಸಂದೇಶಕ್ಕೆ ಒಂದೇ ಬೆಳೆ ಇಟ್ಟುಕೊಳ್ಳಿ.

ಡಿ.1 ಹತ್ತಿ ಕ್ವಿಂಟಲಿಗೆ ಮಾದರಿ ರೂ. 7210. ಕನಿಷ್ಠ 5200, ಗರಿಷ್ಠ 7650.

ಇದು 70ರೊಳಗೆ ನಿಲ್ಲುತ್ತದೆ. ಕೊನೆಗೆ ‘ಶುಭದಿನ’, ಗುಂಪಿನ ಹೆಸರು, ಕೈಮುಗಿಯುವ ಚಿತ್ರ ಸೇರಿಸಿದರೆ ಎರಡನೆಯ ತುಂಡಿಗೆ ದುಡ್ಡು ಕೊಡುತ್ತೀರಿ.

ಪ್ರಶ್ನೆ: ಪಟ್ಟಿಯ ಫೋಟೊ ತೆಗೆದು ಕಳಿಸಿದರೆ ಸಾಲದೇ? — ಗಂಗಾವತಿ

ಸಾದಾ ಫೋನಿಗೆ ಅದು ಹೋಗುವುದಿಲ್ಲ, ಸಣ್ಣ ಪರದೆಯಲ್ಲಿ ಅಂಕಿ ಕಾಣುವುದಿಲ್ಲ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಸಾಲದು.

ಪ್ರಶ್ನೆ: ಪಟ್ಟಿಯ ಹಿಂದೆ ಮುಂದೆ ``` ಎಂದು ಮೂರು ಓರೆ ಚಿಹ್ನೆ ಹಾಕಿದರೆ ವಾಟ್ಸ್ಆ್ಯಪ್‌ನಲ್ಲಿ ಕಾಲಂಗಳು ನೇರ ನಿಲ್ಲುತ್ತವಂತೆ. ಒಬ್ಬರು ಇದನ್ನು ಕಲಿಸಿಕೊಡಲು ಹಣ ಕೇಳುತ್ತಿದ್ದಾರೆ. — ಲಿಂಗಸುಗೂರು

ಆ ಚಿಹ್ನೆ ಹಾಕಿದರೆ ಇಂಗ್ಲಿಷ್ ಅಕ್ಷರಗಳೆಲ್ಲ ಒಂದೇ ಅಗಲಕ್ಕೆ ಬರುತ್ತವೆ. ಕನ್ನಡದ ‘ರ’ ಮತ್ತು ‘ಕ್ವಿಂ’ ಒಂದೇ ಅಗಲಕ್ಕೆ ಬರುವುದಿಲ್ಲ, ಉದ್ದ ಸಾಲು ಚಿಕ್ಕ ಪರದೆಯಲ್ಲಿ ಮಡಚಿ ಬೀಳುವುದೂ ತಪ್ಪುವುದಿಲ್ಲ. ಕಲಿಸುವಾತ ತನ್ನ ದೊಡ್ಡ ಫೋನಿನಲ್ಲಿ ಇಂಗ್ಲಿಷ್ ಪಟ್ಟಿಯನ್ನು ತೋರಿಸಿ ನಂಬಿಸುತ್ತಾನೆ. ಹಣ ಕೊಡುವ ಮೊದಲು ಅವನಿಂದ ಒಂದು ಕನ್ನಡ ಪಟ್ಟಿ ತರಿಸಿಕೊಂಡು, ನಿಮ್ಮ ಊರಿನ ಅತಿ ಹಳೆಯ ಮೊಬೈಲಿನಲ್ಲಿ ತೆರೆದು ನೋಡಿ.

ಪ್ರಶ್ನೆ: ಪಿಡಿಎಫ್‌ನಿಂದ ನಕಲು ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ. — ಮಾನ್ವಿ

ನುಡಿಯಂಥ ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಕಡತ ಅದು. ಯೂನಿಕೋಡ್‌ಗೆ ಪರಿವರ್ತಿಸಬಹುದು, ಆದರೆ ನಾಲ್ಕು ಬೆಳೆಯ ಹೆಸರಿಗಾಗಿ ಅಷ್ಟು ಹೆಣಗಾಡುವ ಬದಲು ಹೆಸರನ್ನು ನೀವೇ ಟೈಪ್ ಮಾಡಿ, ಅಂಕಿಗಳನ್ನು ಪಿಡಿಎಫ್ ಎದುರಿಟ್ಟು ತಾಳೆ ನೋಡಿ.

ಪ್ರಶ್ನೆ: ಬ್ಯಾಡಗಿ ಮತ್ತು ಗುಂಟೂರು ಮೆಣಸಿನಕಾಯಿ ಎರಡು ಸಾಲಿನಲ್ಲಿವೆ. ಎರಡನ್ನೂ ಕೂಡಿಸಿ ಒಂದೇ ಬೆಲೆ ಬರೆಯಬಹುದೇ? — ಬಳ್ಳಾರಿ

ಬೇಡ.

ಪ್ರಶ್ನೆ: ತುಂಗಭದ್ರಾ ಜಲಾಶಯದ ಪಟ್ಟಿಯನ್ನೂ ಹೀಗೆಯೇ ಬರೆಯಬಹುದೇ? — ಕೊಪ್ಪಳ

ಬರೆಯಬಹುದು, ಆದರೆ ಅಲ್ಲಿ ಪ್ರತಿ ಕಾಲಮಿನ ಅಳತೆಯೂ ಬೇರೆ: ಮಟ್ಟ ಅಡಿಯಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಹೊರಹರಿವು ಕ್ಯೂಸೆಕ್‌ನಲ್ಲಿ. ಮೊದಲ ವಾಕ್ಯದಲ್ಲಿ ಒಮ್ಮೆ ಹೇಳಿ ಮುಗಿಸಲು ಆಗುವುದಿಲ್ಲ, ಪ್ರತಿ ಅಂಕಿಗೂ ಅದರದ್ದನ್ನು ಅಂಟಿಸಿ. ಮಟ್ಟದ ಪಕ್ಕದಲ್ಲಿ ಪೂರ್ಣ ಮಟ್ಟ 1,633 ಅಡಿ ಎಂದೂ ಬರೆಯಿರಿ, ಇಲ್ಲದಿದ್ದರೆ 1,600 ಅಡಿ ಎಂದು ಓದಿದವರು ಡ್ಯಾಂ ತುಂಬುತ್ತಾ ಬಂತು ಎಂದುಕೊಂಡು ಸಸಿಮಡಿ ಹಾಕಲು ಹೊರಡುತ್ತಾರೆ.