ಡೇ ಕೇರ್ ಸೇರಿದ ಮೇಲೆ ನಿಲ್ಲದ ನೆಗಡಿ

ಪ್ರಶ್ನೆ: ನನ್ನ ಮಗನಿಗೆ 1 ವರ್ಷ 10 ತಿಂಗಳು. ಡೇ ಕೇರ್‌ಗೆ ಹಾಕಿ 4 ತಿಂಗಳಾಯಿತು, ಇಷ್ಟರಲ್ಲೇ 5 ಸಲ ನೆಗಡಿ. ಒಂದು ಸಲ ಕಿವಿನೋವೂ ಬಂತು, ಆಂಟಿಬಯಾಟಿಕ್ ಕೊಟ್ಟ ಮೇಲೆ ಗುಣವಾಯಿತು. ಆಗ ಮಾಡಿಸಿದ ರಕ್ತಪರೀಕ್ಷೆಯ ರಿಪೋರ್ಟ್‌ನಲ್ಲಿ ಲಿಂಫೊಸೈಟ್ 62 ಅಂತಿದೆ, ಪಕ್ಕದಲ್ಲೇ ‘ಹೆಚ್ಚು’ ಎಂದು ದಪ್ಪಕ್ಷರ. ಈ 4 ತಿಂಗಳಲ್ಲಿ ತೂಕ 10.4 ಕೆ.ಜಿ.ಯಿಂದ 11.1ಕ್ಕೆ ಏರಿದೆ. ‘ಮಗುವಿಗೆ ಶಕ್ತಿಯೇ ಇಲ್ಲ, ನೀನು ಕೆಲಸ ಬಿಡು’ ಅನ್ನುತ್ತಾರೆ ಅತ್ತೆ. ಇಮ್ಯುನಿಟಿ ಟೆಸ್ಟ್ ಮಾಡಿಸೋಣ ಅನ್ನುತ್ತಾರೆ ಗಂಡ. ನಾನೇನು ಮಾಡಲಿ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ಆ ದಪ್ಪಕ್ಷರ ಅನ್ನಿಸುತ್ತದೆ. ಅದನ್ನೇ ಮೊದಲು ಮುಗಿಸೋಣ. ನ್ಯೂಟ್ರೊಫಿಲ್, ಲಿಂಫೊಸೈಟ್ ಎರಡೂ ಬಿಳಿ ರಕ್ತಕಣದ ಬಗೆಗಳು. ದೊಡ್ಡವರ ರಕ್ತದಲ್ಲಿ ನ್ಯೂಟ್ರೊಫಿಲ್ ಜಾಸ್ತಿ, ಲಿಂಫೊಸೈಟ್ ಕಡಿಮೆ. ಪುಟ್ಟ ಮಕ್ಕಳಲ್ಲಿ ಇದು ತಿರುಗುಮುರುಗು. ಎರಡು ವರ್ಷದ ಆಸುಪಾಸಿನ ಮಗುವಿಗೆ ಲಿಂಫೊಸೈಟ್ ನೂರಕ್ಕೆ 60ರಷ್ಟಿರುವುದೇ ಸಹಜ. ಸುಮಾರು 4–5 ವರ್ಷದ ಹೊತ್ತಿಗೆ ಎರಡೂ ಸಮವಾಗಿ, ಆಮೇಲೆ ದೊಡ್ಡವರ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಲ್ಯಾಬ್‌ಗಳ ಯಂತ್ರ ವಯಸ್ಸು ನೋಡದೆ ದೊಡ್ಡವರ ಅಳತೆಯಲ್ಲೇ ಗುರುತು ಹಾಕಿಬಿಡುತ್ತದೆ. ಇಮ್ಯುನಿಟಿ ವಿಚಾರದಲ್ಲಿ ನಮಗೆ ಭಯ ಹುಟ್ಟಿಸುವುದು ಲಿಂಫೊಸೈಟ್ ತೀರಾ ಕಡಿಮೆ ಇರುವ ರಿಪೋರ್ಟ್. ನಿಮ್ಮದು ಅದಲ್ಲ.

ಇನ್ನು ಐದು ನೆಗಡಿಯ ಲೆಕ್ಕ. ಡೇ ಕೇರ್‌ಗೆ ಹೋಗದ ಪುಟ್ಟ ಮಕ್ಕಳಿಗೂ ವರ್ಷಕ್ಕೆ 6ರಿಂದ 8 ನೆಗಡಿ ಬರುತ್ತದೆ. ಡೇ ಕೇರ್ ಸೇರಿದ ಮೊದಲ ವರ್ಷ ಅದು 10–12 ಆದರೂ ನಾವು ಹುಬ್ಬೇರಿಸುವುದಿಲ್ಲ. ನೀವು 5ನ್ನು ಮೂರರಿಂದ ಗುಣಿಸಿ, ವರ್ಷಕ್ಕೆ 15 ಅಂತ ಹೆದರಿರಬಹುದು. ಹಾಗೆ ಗುಣಿಸಬೇಡಿ. ಮೊದಲ ಕೆಲವು ತಿಂಗಳಲ್ಲೇ ಎಲ್ಲ ಮುಗಿಬೀಳುತ್ತವೆ, ಆಮೇಲೆ ಅಂತರ ಹೆಚ್ಚುತ್ತದೆ. ನೆಗಡಿ ತರುವ ರೈನೊವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಯನ್ನು ಗೆದ್ದ ಮಗುವಿಗೆ ಪಕ್ಕದ ಬಗೆ ಹೊಸದೇ. ಮನೆಯಲ್ಲಿ ನಾಲ್ಕು ಜನರ ವೈರಸ್ ಕಂಡಿದ್ದ ಮಗು ಈಗ ಹತ್ತು ಹದಿನೈದು ಮನೆಗಳ ವೈರಸ್ ಕಾಣುತ್ತಿದೆ. ಒಬ್ಬ ಬಾಯಿಗಿಟ್ಟ ಆಟದ ಸಾಮಾನು ಇನ್ನೊಬ್ಬನ ಬಾಯಿಗೆ ಹೋಗಲು ಒಂದು ನಿಮಿಷ ಸಾಕು.

ದಿನಗಳ ಲೆಕ್ಕವನ್ನೂ ಹಾಕಿ ನೋಡಿ. ಈ ವಯಸ್ಸಿನಲ್ಲಿ ಒಂದು ನೆಗಡಿ 10ರಿಂದ 14 ದಿನ ಎಳೆಯುತ್ತದೆ, ಕೆಮ್ಮು ಕೆಲವೊಮ್ಮೆ ಮೂರು ವಾರದವರೆಗೂ ಇರುತ್ತದೆ. ಒಂದಕ್ಕೆ 12 ದಿನ ಹಿಡಿದರೂ ಐದು ನೆಗಡಿಗೆ 60 ದಿನ. ಅಂದರೆ 120 ದಿನದಲ್ಲಿ ಅರ್ಧದಷ್ಟು ದಿನ ಮೂಗು ಸೋರಿದೆ. ನೋಡುವ ಅತ್ತೆಯ ಕಣ್ಣಿಗೆ ‘ಯಾವಾಗಲೂ ನೆಗಡಿ’ ಅನ್ನಿಸದೆ ಇನ್ನೇನಾಗುತ್ತದೆ ಹೇಳಿ? ನನ್ನ ಮಗಳು ಡೇ ಕೇರ್ ಸೇರಿದ ವರ್ಷ, ದಿನವಿಡೀ ಬೇರೆಯವರ ಮಕ್ಕಳನ್ನು ನೋಡಿ ಸಮಾಧಾನ ಹೇಳುತ್ತಿದ್ದ ನಾನೇ ರಾತ್ರಿ ಅವಳ ಗೊರಕೆ ಕೇಳುತ್ತಾ ಎಣಿಸುತ್ತಾ ಕೂತಿದ್ದೆ.

ಹಾಗಾಗಿ ನಾನು ನೆಗಡಿಯ ಎಣಿಕೆಗಿಂತ ನಡುವಿನ ದಿನಗಳ ಬಗ್ಗೆ ಹೆಚ್ಚು ಕೇಳುತ್ತೇನೆ. ಕ್ಯಾಲೆಂಡರ್‌ನಲ್ಲಿ ಬರೆದಿಡಿ: ಜ್ವರ ಯಾವತ್ತು ಬಂತು, ಊಟ ಯಾವತ್ತು ಬಿಟ್ಟ, ಮತ್ತೆ ಓಡಾಡಲು ಶುರು ಮಾಡಿದ್ದು ಯಾವತ್ತು. ಮೊದಲೆರಡು ದಿನ ನೀರಿನಂಥ ಸಿಂಬಳ, ಮೂರು ನಾಲ್ಕನೇ ದಿನ ಗಟ್ಟಿಯಾಗಿ ಹಳದಿ ಅಥವಾ ಹಸಿರು, ಆಮೇಲೆ ಕಡಿಮೆ. ಮಾಮೂಲಿ ನೆಗಡಿಯ ದಾರಿಯೇ ಇದು. ಹಸಿರು ಕಂಡ ಕೂಡಲೇ ಆಂಟಿಬಯಾಟಿಕ್ ಬೇಡ. ಎರಡು ಮೂರು ದಿನ ಚೆನ್ನಾಗಿ ಆಡಿಕೊಂಡಿದ್ದು ಮತ್ತೆ ನೀರಿನಂಥ ಸಿಂಬಳ ಶುರುವಾದರೆ ಅದು ಹೊಸ ನೆಗಡಿ. 10 ದಿನ ಕಳೆದರೂ ಸ್ವಲ್ಪವೂ ಇಳಿಯಲಿಲ್ಲ, ಅಥವಾ ಇಳಿದು ಮತ್ತೆ ಜ್ವರದ ಜೊತೆ ಜೋರಾಯಿತು ಅಂದರೆ ಡಾಕ್ಟರ್ ನೋಡಬೇಕು. ಒಂದೇ ಹೊಳ್ಳೆ ಸೋರುತ್ತಾ ಕೆಟ್ಟ ವಾಸನೆ ಬರುತ್ತಿದ್ದರೆ ಅದು ನೆಗಡಿಯೇ ಅಲ್ಲದಿರಬಹುದು, ಮಣಿಯೋ ಕಾಳೋ ಒಳಗೆ ಸಿಕ್ಕಿಕೊಂಡಿರುತ್ತದೆ.

ನಿಮ್ಮ ಮಗ 4 ತಿಂಗಳಲ್ಲಿ 700 ಗ್ರಾಂ ಏರಿದ್ದಾನೆ. ಎರಡನೇ ವರ್ಷದಲ್ಲಿ ಮಕ್ಕಳು ಒಟ್ಟು ಎರಡು, ಎರಡೂವರೆ ಕೆ.ಜಿ. ಏರುತ್ತಾರೆ, ಆ ಲೆಕ್ಕಕ್ಕೆ ಇದು ಸರಿಯಾಗಿದೆ. ಕಿವಿಯ ಸೋಂಕು ಒಂದೇ ಸಲ, ಅದೂ ಬಾಯಿಯ ಔಷಧಿಗೆ ಬಗ್ಗಿತು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿ ಇಮ್ಯುನಿಟಿ ದುರ್ಬಲವಾದ ಮಗುವಿನ ಕಥೆ ಬೇರೆ ಥರ ಇರುತ್ತದೆ. ಅಲ್ಲಿ ಸೋಂಕು ಮೂಗಿನಲ್ಲೇ ನಿಲ್ಲದೆ ಒಳಗಿಳಿಯುತ್ತದೆ: ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಅಥವಾ ಹೆಚ್ಚು ಸಲ ಕಿವಿಯ ಸೋಂಕು, ಮತ್ತೆ ಮತ್ತೆ ಆಳದಲ್ಲಿ ಕೀವು ತುಂಬುವ ಕುರು. ಎರಡು ತಿಂಗಳು ಆಂಟಿಬಯಾಟಿಕ್ ಕೊಟ್ಟರೂ ಬಗ್ಗುವುದಿಲ್ಲ, ಅಥವಾ ನರದ ಮೂಲಕವೇ ಕೊಡಬೇಕಾಗುತ್ತದೆ. ವರ್ಷ ತುಂಬಿದ ಮೇಲೂ ಬಾಯೊಳಗಿನ ಬಿಳಿ ಫಂಗಸ್ ಹೋಗುವುದಿಲ್ಲ. ಭೇದಿ ನಿಲ್ಲುವುದಿಲ್ಲ, ತೂಕ ನಿಂತುಬಿಡುತ್ತದೆ. ಇದರಲ್ಲಿ ಎರಡು ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ, ಅಥವಾ ಹಸುಗೂಸುಗಳು ಸೋಂಕಿನಿಂದ ತೀರಿಕೊಂಡಿದ್ದರೆ, ಅದೊಂದನ್ನೇ ಡಾಕ್ಟರಿಗೆ ಹೇಳಿದರೂ ಸಾಕು. ಈ ವಿಷಯ ಅತ್ತೆಯವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ನೋಡಿ.

ಹಾಗೆ ಏನಾದರೂ ಇದ್ದರೆ ಮೊದಲ ಹೆಜ್ಜೆ ದೊಡ್ಡದೇನಲ್ಲ. ರಕ್ತಕಣಗಳ ಪೂರ್ತಿ ಎಣಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್‌ಗಳು, ಅಂದರೆ ರಕ್ತದಲ್ಲಿರುವ ಪ್ರತಿಕಾಯಗಳು: ಐಜಿಜಿ, ಐಜಿಎ, ಐಜಿಎಂ. ಬೇಕೆನಿಸಿದರೆ ಹಾಕಿಸಿದ ಲಸಿಕೆಗೆ ದೇಹ ಪ್ರತಿಕಾಯ ಮಾಡಿಕೊಂಡಿದೆಯಾ ಅಂತ ನೋಡುತ್ತಾರೆ. ಲಕ್ಷಣವೇ ಇಲ್ಲದೆ ಇದನ್ನೆಲ್ಲ ಮಾಡಿಸಿದರೆ ಮತ್ತೊಂದು ದಪ್ಪಕ್ಷರ ಸಿಗುತ್ತದೆ ಅಷ್ಟೇ. ಈ ವಯಸ್ಸಿನಲ್ಲಿ ಐಜಿಎ ದೊಡ್ಡವರಿಗಿಂತ ಎಷ್ಟೋ ಕಡಿಮೆ ಇರುತ್ತದೆ. ಅದಕ್ಕೇ 4 ವರ್ಷ ತುಂಬುವ ಮೊದಲು ಐಜಿಎ ಕೊರತೆ ಅಂತ ಹಣೆಪಟ್ಟಿ ಹಚ್ಚುವುದಿಲ್ಲ. ಗಂಡನಿಗೆ ಇದನ್ನು ಹೇಳಿ. ಈಗಿರುವ ಸ್ಥಿತಿಯಲ್ಲಿ ನಾನಾದರೆ ಪರೀಕ್ಷೆ ಬರೆಯುವುದಿಲ್ಲ. ಇಮ್ಯುನಿಟಿ ಟಾನಿಕ್‌ಗಳೂ ಬೇಡ, ಅವುಗಳಿಂದ ನೆಗಡಿಯ ಲೆಕ್ಕ ಇಳಿಯುವುದಿಲ್ಲ. 4 ವರ್ಷದೊಳಗಿನ ಮಕ್ಕಳಿಗೆ ಅಂಗಡಿಯ ಕೆಮ್ಮು-ನೆಗಡಿ ಸಿರಪ್ ಹಾಕಲೇಬೇಡಿ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಸಾಕು. ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಿದ್ದರೆ ಅದು ನಿಲ್ಲಲಿ, ಹೊಗೆ ಕುಡಿದ ಮಕ್ಕಳಿಗೆ ಕಿವಿ, ಎದೆ ಎರಡೂ ಬೇಗ ಕೆಡುತ್ತವೆ.

ಒಂದು ವಿಷಯದಲ್ಲಿ ಮಾತ್ರ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ. ಜ್ವರ ಇಳಿದು ಮಲಗಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಅಥವಾ ಕುಡಿಯಲು ಒಲ್ಲೆ ಅಂದರೆ ಅವತ್ತೇ ಡಾಕ್ಟರ್ ಹತ್ತಿರ ಹೊರಡಿ.

ಕೆಲಸ ಬಿಡುವ ಮಾತು. ನೆಗಡಿಗೋಸ್ಕರ ಬಿಡಬೇಡಿ. ಈಗ ಬಿಡಿಸಿಕೊಂಡರೆ ಈ ವೈರಸ್‌ಗಳು ಮೊದಲ ಸಲ ಶಾಲೆಯಲ್ಲಿ ಸಿಗುತ್ತವೆ. ಡೇ ಕೇರ್‌ನಲ್ಲಿ ಬೆಳೆದ ಮಕ್ಕಳಿಗೆ ಶಾಲೆಯ ಮೊದಲ ವರ್ಷಗಳಲ್ಲಿ ನೆಗಡಿ ಕಡಿಮೆ ಅಂತ ಅಧ್ಯಯನಗಳೂ ತೋರಿಸಿವೆ. ಬೇರೆ ಕಾರಣಕ್ಕೆ ಮನೆಯಲ್ಲಿರಬೇಕು ಅಂತ ನಿಮಗೇ ಅನ್ನಿಸಿದರೆ ಅದು ಬೇರೆ ಮಾತು, ಅದಕ್ಕೆ ಮಗನ ಮೂಗನ್ನು ಸಾಕ್ಷಿ ಮಾಡಬೇಕಿಲ್ಲ, ಅಲ್ವಾ? ಮುಂದಿನ ಲಸಿಕೆಗೆ ಹೋದಾಗ ಆ ಕ್ಯಾಲೆಂಡರ್ ಮತ್ತು ತೂಕದ ಕಾರ್ಡ್ ಎರಡನ್ನೂ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ.